ಆ್ಯಪ್ ತೋರಿಸುವ ಓವ್ಯುಲೇಷನ್ ದಿನವನ್ನು ಎಷ್ಟು ನಂಬಬಹುದು? ಮುಟ್ಟು ಹಿಂದೆ ಮುಂದೆ ಆಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಂಡಾಣು ಯಾವ ದಿನ ಬಿಡುಗಡೆಯಾಗುತ್ತದೆ ಎಂದು ಆ್ಯಪ್‌ಗೆ ಹೇಗೆ ಗೊತ್ತಾಗುತ್ತದೆ?

ಗೊತ್ತಾಗುವುದಿಲ್ಲ. ಬರೀ ಮುಟ್ಟಿನ ದಿನಾಂಕ ಕೇಳುವ ಆ್ಯಪ್‌ಗೆ ನಿಮ್ಮ ದೇಹದೊಳಗೆ ಏನಾಗುತ್ತಿದೆ ಎಂಬ ಸುಳಿವೇ ಇರುವುದಿಲ್ಲ. ಅದು ಮಾಡುವುದು ಎರಡು ಲೆಕ್ಕ. ಮೊದಲು, ಹಿಂದಿನ ಕೆಲವು ತಿಂಗಳ ಸರಾಸರಿ ತೆಗೆದು ಮುಂದಿನ ಮುಟ್ಟು ಎಂದು ಬರಬಹುದು ಎಂದು ಊಹಿಸುತ್ತದೆ. ಆಮೇಲೆ ಆ ಊಹೆಯ ದಿನದಿಂದ 14 ದಿನ ಹಿಂದಕ್ಕೆ ಎಣಿಸಿ ಅಲ್ಲೊಂದು ಗುರುತು ಹಾಕುತ್ತದೆ. ಗುರುತಿನ ದಿನ ಮತ್ತು ಅದರ ಹಿಂದಿನ ಐದು ದಿನಗಳಿಗೆ ಬಣ್ಣ ಬಳಿದು 'ಗರ್ಭ ನಿಲ್ಲಬಹುದಾದ ದಿನಗಳು' ಎನ್ನುತ್ತದೆ. ಆ್ಯಪ್‌ನಿಂದ ಆ್ಯಪ್‌ಗೆ ಸಣ್ಣಪುಟ್ಟ ವ್ಯತ್ಯಾಸವಿದೆ, ಆದರೆ ತಳಹದಿ ಇಷ್ಟೇ.

ಆ ಆರು ದಿನಗಳ ಲೆಕ್ಕದಲ್ಲಿ ತಪ್ಪಿಲ್ಲ. ವೀರ್ಯಾಣು ಗರ್ಭಕೋಶ ಮತ್ತು ನಾಳಗಳಲ್ಲಿ ಸುಮಾರು ಐದು ದಿನದವರೆಗೆ ಬದುಕಿರಬಲ್ಲದು. ಅಂಡಾಣುವಿನ ಆಯಸ್ಸು ಮಾತ್ರ 12ರಿಂದ 24 ಗಂಟೆ. ಹಾಗಾಗಿ ಅಂಡಾಣು ಬಿಡುಗಡೆಯಾದ ದಿನ ಮತ್ತು ಅದರ ಹಿಂದಿನ ಐದು ದಿನ ಸೇರಿ ಆರು. ತೊಡಕಿರುವುದು ಆ ಆರು ದಿನಗಳನ್ನು ತಿಂಗಳಿನ ಯಾವ ಜಾಗದಲ್ಲಿ ಇಡಬೇಕು ಎಂಬುದರಲ್ಲಿ.

14 ದಿನ ಎಂಬುದು ಎಲ್ಲರಿಗೂ ಒಂದೇ ಅಲ್ಲವೇ? ಪಾಠದಲ್ಲೂ ಹಾಗೇ ಓದಿದ್ದೇವೆ.

ಋತುಚಕ್ರಕ್ಕೆ ಎರಡು ಭಾಗ. ಮುಟ್ಟಿನ ಮೊದಲ ದಿನದಿಂದ ಅಂಡಾಣು ಬಿಡುಗಡೆಯಾಗುವವರೆಗಿನದು ಮೊದಲನೆಯದು, ಅಲ್ಲಿಂದ ಮುಂದಿನ ಮುಟ್ಟಿನವರೆಗಿನದು ಎರಡನೆಯದು. ಎರಡನೇ ಭಾಗ ಹೆಚ್ಚು ಏರುಪೇರಾಗುವುದಿಲ್ಲ ಎಂಬುದು ನಿಜ. ಆದರೆ ಅದು ಎಲ್ಲರಲ್ಲೂ 14 ದಿನ ಇರುವುದಿಲ್ಲ. ಒಂದು ಆ್ಯಪ್‌ನಲ್ಲಿ ದಾಖಲಾದ ಆರು ಲಕ್ಷಕ್ಕೂ ಹೆಚ್ಚು ಋತುಚಕ್ರಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡನೇ ಭಾಗದ ಸರಾಸರಿ 12.4 ದಿನ ಬಂತು, ಮೊದಲನೇ ಭಾಗದ್ದು 16.9 ದಿನ. 14–14 ಎಂಬ ಸಮಪಾಲು ಸರಾಸರಿಯಲ್ಲೂ ಕಾಣಲಿಲ್ಲ.

ನಿಮ್ಮ ಚಕ್ರ ಗಡಿಯಾರದಂತೆ 28 ದಿನಕ್ಕೆ ಬರುತ್ತದೆ, ಆದರೆ ಎರಡನೇ ಭಾಗ 10 ದಿನದ್ದು ಎಂದುಕೊಳ್ಳಿ. ಅಂಡಾಣು ಬಿಡುಗಡೆಯಾಗುವುದು 18ನೇ ದಿನ. ಆ್ಯಪ್ ತೋರಿಸುವುದು 14ನೇ ದಿನ. ಅದು ಬಣ್ಣ ಬಳಿಯುವುದು 9ರಿಂದ 14ರವರೆಗೆ, ನಿಜವಾದ ಅವಧಿ 13ರಿಂದ 18. ಎರಡೂ ಕೂಡುವುದು ಎರಡೇ ದಿನ, ಅದೂ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆ ಇರುವ ಮೊದಲೆರಡು ದಿನ. ಸಾಧ್ಯತೆ ಹೆಚ್ಚಿರುವುದು ಅಂಡಾಣು ಬಿಡುಗಡೆಗೆ ಮುಂಚಿನ ಎರಡು ದಿನಗಳಲ್ಲಿ. ಅಷ್ಟರಲ್ಲಿ ಆ್ಯಪ್ 'ಅವಧಿ ಮುಗಿಯಿತು' ಎಂದಿರುತ್ತದೆ. ಮುಟ್ಟು ಸರಿಯಾಗಿ ಬರುವವರಿಗೂ ಆ್ಯಪ್ ಕೈಕೊಡುವುದು ಹೀಗೆ.

ಕೆಲವು ಆ್ಯಪ್‌ಗಳ ಸೆಟ್ಟಿಂಗ್ಸ್‌ನಲ್ಲಿ ಈ 14 ಅನ್ನು ಬದಲಿಸಲು ಅವಕಾಶವಿದೆ, 'ಲೂಟಿಯಲ್ ಫೇಸ್' ಎಂಬ ಹೆಸರಿನಲ್ಲಿ. ಆದರೆ ನಿಮ್ಮ ಸಂಖ್ಯೆ ಎಷ್ಟು ಎಂದು ಮೊದಲು ಅಳೆದು ತಿಳಿದಿರಬೇಕು.

ಒಟ್ಟಾರೆ ಎಷ್ಟರ ಮಟ್ಟಿಗೆ ಸರಿ ಬರುತ್ತದೆ?

2018ರಲ್ಲಿ ಪ್ರಕಟವಾದ ಒಂದು ಅಧ್ಯಯನ 949 ಮಹಿಳೆಯರ ಮೂತ್ರದಲ್ಲಿ ಹಾರ್ಮೋನು ಅಳೆದು ಅಂಡಾಣು ಬಿಡುಗಡೆಯ ದಿನ ಕಂಡುಕೊಂಡಿತು. ಚಕ್ರದ ಉದ್ದವೊಂದನ್ನೇ ನೆಚ್ಚಿದರೆ ಆ ದಿನವನ್ನು ಸರಿಯಾಗಿ ಹೇಳುವ ಸಾಧ್ಯತೆ ಹೆಚ್ಚೆಂದರೆ 21% ಎಂಬ ತೀರ್ಮಾನಕ್ಕೆ ಬಂತು. ಅಧ್ಯಯನ ಮಾಡಿದವರು ಓವ್ಯುಲೇಷನ್ ಕಿಟ್ ತಯಾರಿಸುವ ಕಂಪನಿಯ ಕಡೆಯವರು, ಅದನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಓದಬೇಕು. ಹಾಗೆಂದು ಅವರು ಹೇಳಿದ್ದು ಹೊಸತೂ ಅಲ್ಲ. ಆ್ಯಪ್‌ಗಳ ಕಾಲಕ್ಕೂ ಮೊದಲು, 2000ನೇ ಇಸವಿಯಲ್ಲಿ, ಅಮೆರಿಕದ 213 ಮಹಿಳೆಯರ ಅಧ್ಯಯನವೊಂದು ಬಂದಿತ್ತು. ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತಿದ್ದ 10ರಿಂದ 17ನೇ ದಿನದೊಳಗೆ ಆ ಆರೂ ದಿನ ಪೂರ್ತಿಯಾಗಿ ಬಿದ್ದದ್ದು ಅವರಲ್ಲಿ ಸುಮಾರು 30% ಜನರಿಗೆ ಮಾತ್ರ.

ಒಂದು ದಿನವನ್ನೇ ಬೆರಳು ಮಾಡಿ ತೋರಿಸುವ ಆ್ಯಪ್‌ಗಿಂತ ಆರೇಳು ದಿನದ ಹರವು ತೋರಿಸುವುದು ವಾಸಿ. ಮುಟ್ಟು ಸಮವಾಗಿ ಬರುವವರಲ್ಲಿ ಆ ಹರವು ಬಹಳಷ್ಟು ಸಲ ಒಂದಷ್ಟಾದರೂ ಸರಿಹೊಂದುತ್ತದೆ.

ನನಗೆ ಒಂದು ತಿಂಗಳು 28ಕ್ಕೆ, ಇನ್ನೊಂದು ತಿಂಗಳು 40ಕ್ಕೆ ಆಗುತ್ತದೆ. ನನ್ನ ಆ್ಯಪ್ ಏನು ಮಾಡುತ್ತಿದೆ?

ಒಂದು ಉದಾಹರಣೆಯನ್ನು ಲೆಕ್ಕ ಹಾಕಿಯೇ ನೋಡೋಣ. ಒಬ್ಬರ ಆರು ಚಕ್ರಗಳು ಹೀಗಿವೆ ಎಂದುಕೊಳ್ಳಿ: 28, 35, 31, 44, 29, 38 ದಿನ. ಎರಡನೇ ಭಾಗ ಪ್ರತಿ ಸಲವೂ 13 ದಿನ ಎಂದು ಇಟ್ಟುಕೊಳ್ಳೋಣ. ಆಗ ಅಂಡಾಣು ಬಿಡುಗಡೆಯಾದ ದಿನಗಳು ಕ್ರಮವಾಗಿ 15, 22, 18, 31, 16, 25.

ಈಗ ಆ್ಯಪ್‌ನ ಲೆಕ್ಕ. ಒಟ್ಟು 205 ದಿನ, ಸರಾಸರಿ 34. ಅದರಲ್ಲಿ 14 ಕಳೆದರೆ 20ನೇ ದಿನ. ಬಣ್ಣ ಬಳಿದ ಅವಧಿ 15ರಿಂದ 20.

ಆರು ಚಕ್ರಗಳಲ್ಲಿ ಒಂದರಲ್ಲೂ ಅಂಡಾಣು 20ನೇ ದಿನ ಬಿಡುಗಡೆಯಾಗಿಲ್ಲ. 28 ದಿನದ ಚಕ್ರದಲ್ಲಿ ಆ್ಯಪ್‌ನ ಅವಧಿ ಶುರುವಾದ ದಿನವೇ ನಿಜವಾದ ಅವಧಿ ಮುಗಿದಿದೆ. 38ರದ್ದರಲ್ಲಿ ತಿರುಗುಮುರುಗು, ಆ್ಯಪ್‌ನ ಅವಧಿ ಮುಗಿಯುವ ದಿನ ನಿಜವಾದದ್ದು ಶುರು. 44ರದ್ದರಲ್ಲಿ ಎರಡೂ ಮುಖ ನೋಡಿಕೊಂಡೇ ಇಲ್ಲ: ನಿಜವಾದ ಅವಧಿ 26ರಿಂದ 31. ಗಮನಿಸಿ, ಇಲ್ಲಿ ಆರೂ ಚಕ್ರ ಮುಗಿದ ಮೇಲೆ ಸಿಕ್ಕ ಸರಾಸರಿಯನ್ನು ಆ್ಯಪ್‌ಗೆ ಬಿಟ್ಟುಕೊಟ್ಟಿದ್ದೇವೆ. ನಿಜ ಜೀವನದಲ್ಲಿ ಅದಕ್ಕೆ ಹಿಂದಿನ ತಿಂಗಳುಗಳಷ್ಟೇ ಗೊತ್ತಿರುತ್ತವೆ.

ಇದಕ್ಕೆ ಕಾರಣ ಸರಳ. ಚಕ್ರ ಉದ್ದವಾಗುವುದು ಬಹುತೇಕ ಮೊದಲನೇ ಭಾಗದಲ್ಲಿ. ಅಂಡಾಣು ಪಕ್ವವಾಗಲು ತಡವಾಯಿತು, ಆದ್ದರಿಂದ ಮುಟ್ಟೂ ತಡವಾಯಿತು. ಆ ತಡ ಈ ತಿಂಗಳು ಆಗುತ್ತದೋ ಇಲ್ಲವೋ ಎಂಬುದು ಕಳೆದ ತಿಂಗಳ ದಿನಾಂಕದಲ್ಲಿ ಬರೆದಿರುವುದಿಲ್ಲ. ಆ್ಯಪ್‌ಗೆ ಅದು ತಿಳಿಯುವುದು ಮುಟ್ಟು ಬಂದ ಮೇಲೆ, ಎಂದರೆ ಎಲ್ಲ ಮುಗಿದ ಎರಡು ವಾರದ ನಂತರ.

ಇನ್ನೂ ಆರು ತಿಂಗಳು ದಿನಾಂಕ ತುಂಬಿದರೆ ಆ್ಯಪ್ ಕಲಿತುಕೊಳ್ಳುವುದಿಲ್ಲವೇ?

ಸರಾಸರಿ ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೇ. 28ರಿಂದ 44ರವರೆಗಿನ ಹರವು ಕಡಿಮೆಯಾಗುವುದಿಲ್ಲ. ಅದು ದೇಹದ್ದು, ಲೆಕ್ಕದ್ದಲ್ಲ. 44 ದಿನದಂಥ ಚಕ್ರವನ್ನು 'ಅಪವಾದ' ಎಂದು ಸರಾಸರಿಯಿಂದ ಕೈಬಿಡುವ ಸೌಲಭ್ಯ ಕೆಲವು ಆ್ಯಪ್‌ಗಳಲ್ಲಿದೆ. ಆಗ ಪರದೆ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ವೈದ್ಯರಿಗೆ ಅತಿ ಮುಖ್ಯವಾದ ಮಾಹಿತಿಯೇ ಮರೆಯಾಗುತ್ತದೆ.

ದಿನಾಂಕ ತುಂಬುವುದು ವ್ಯರ್ಥವಲ್ಲ. ವರ್ಷದಲ್ಲಿ ಎಷ್ಟು ಸಲ ಮುಟ್ಟಾಯಿತು, ಅತಿ ಚಿಕ್ಕ ಚಕ್ರ ಎಷ್ಟು, ಅತಿ ಉದ್ದದ್ದು ಎಷ್ಟು: ಈ ಮೂರು ಸಂಖ್ಯೆ ಹೇಳಲು ಆ್ಯಪ್‌ನಷ್ಟು ಒಳ್ಳೆಯ ನೋಟ್‌ಬುಕ್ ಇಲ್ಲ.

ಪಿಸಿಓಡಿ ಇದೆ. ಆದರೂ ಆ್ಯಪ್ ಪ್ರತಿ ತಿಂಗಳು ಓವ್ಯುಲೇಷನ್ ದಿನ ತೋರಿಸುತ್ತದೆ.

ತೋರಿಸುತ್ತಲೇ ಇರುತ್ತದೆ. ಪಿಸಿಓಡಿಯಲ್ಲಿ (ವೈದ್ಯರು ಈಗ ಪಿಸಿಓಎಸ್ ಎನ್ನುವುದೇ ಹೆಚ್ಚು) ಕೆಲವು ಚಕ್ರಗಳಲ್ಲಿ ಅಂಡಾಣು ಬಿಡುಗಡೆಯಾಗುವುದೇ ಇಲ್ಲ. ಆದರೂ ಗರ್ಭಕೋಶದ ಒಳಪದರ ಬೆಳೆದು, ಒಂದು ಹಂತದಲ್ಲಿ ತಾಳದೆ ಕಳಚಿ ರಕ್ತಸ್ರಾವವಾಗುತ್ತದೆ. ನೋಡಲು ಅದು ಮುಟ್ಟಿನಂತೆಯೇ. ನೀವು ದಿನಾಂಕ ತುಂಬುತ್ತೀರಿ, ಆ್ಯಪ್ 14 ದಿನ ಹಿಂದೆ ಎಣಿಸಿ ನಡೆಯದೇ ಇದ್ದ ಘಟನೆಗೆ ಗುರುತು ಹಾಕುತ್ತದೆ. 'ಈ ತಿಂಗಳು ಅಂಡಾಣು ಬಿಡುಗಡೆಯಾಗಿಲ್ಲ' ಎಂದು ಹೇಳುವ ದಾರಿಯೇ ದಿನಾಂಕದ ಲೆಕ್ಕಕ್ಕಿಲ್ಲ.

ಮುಟ್ಟು ಬರಿಸಲು ಮಾತ್ರೆ ಕೊಟ್ಟಾಗಲೂ ಇದೇ ಕಥೆ. ಮಾತ್ರೆ ನಿಲ್ಲಿಸಿದ ಮೇಲೆ ಸ್ರಾವವಾದದ್ದಕ್ಕೆ ಅಂಡಾಣು ಬಿಡುಗಡೆಯಾಗಿತ್ತು ಎಂಬ ಅರ್ಥವಿಲ್ಲ. ಗರ್ಭನಿರೋಧಕ ಮಾತ್ರೆ ದಿನವೂ ನುಂಗುತ್ತಿರುವವರ ಆ್ಯಪ್‌ನಲ್ಲಿ ಓವ್ಯುಲೇಷನ್ ದಿನ ಕಂಡರೆ ಅದಂತೂ ಪೂರ್ತಿ ಅರ್ಥಹೀನ. ಆ ಮಾತ್ರೆಯ ಕೆಲಸವೇ ಅಂಡಾಣು ಬಿಡುಗಡೆ ತಡೆಯುವುದು.

ನಾವೇ ತಪ್ಪು ತುಂಬಿ ಆ್ಯಪ್‌ನ ಲೆಕ್ಕ ಕೆಡಿಸುವುದು ಉಂಟೇ?

ಧಾರಾಳವಾಗಿ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಮುಟ್ಟು ಮುಂದೂಡುವ ಮಾತ್ರೆ. ಗೃಹಪ್ರವೇಶ, ಮದುವೆ, ವರಮಹಾಲಕ್ಷ್ಮಿ ಹಬ್ಬ ಎಂದು ನೊರೆಥಿಸ್ಟೆರಾನ್ ಮಾತ್ರೆ ತೆಗೆದುಕೊಂಡು, ನಿಲ್ಲಿಸಿದ ಎರಡು ಮೂರು ದಿನಕ್ಕೆ ಸ್ರಾವವಾಗುತ್ತದೆ. ಆ ದಿನವನ್ನು ಸಾಮಾನ್ಯ ಮುಟ್ಟೆಂದು ತುಂಬಿದರೆ, 29 ದಿನದ ಚಕ್ರ ಆ್ಯಪ್‌ನ ಕಣ್ಣಿಗೆ 37 ದಿನದ್ದಾಗುತ್ತದೆ, ಮುಂದಿನ ಹಲವು ತಿಂಗಳ ಊಹೆ ಆ ಕಡೆಗೆ ಜಗ್ಗುತ್ತದೆ. ಮೇಲೆ ಹೇಳಿದ 'ಅಪವಾದ' ಎಂದು ಕೈಬಿಡುವ ಸೌಲಭ್ಯ ನಿಜಕ್ಕೂ ಉಪಯೋಗಕ್ಕೆ ಬರುವುದು ಇಂಥ ತಿಂಗಳಲ್ಲಿ. ತುರ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಂಡ ತಿಂಗಳಿಗೂ ಇದೇ ಅನ್ವಯ.

ಇನ್ನೊಂದು, ಮೊದಲ ದಿನ ಯಾವುದು ಎಂಬ ಗೊಂದಲ. ಚೆನ್ನಾಗಿ ಕೆಂಪು ಸ್ರಾವ ಶುರುವಾದ ದಿನವೇ 1ನೇ ದಿನ. ಅದರ ಹಿಂದಿನ ದಿನ ಕಂಡ ಕಂದು ಕಲೆ ಲೆಕ್ಕಕ್ಕಿಲ್ಲ, ಸ್ರಾವ ನಿಂತು ತಲೆಗೆ ಸ್ನಾನ ಮಾಡಿದ ದಿನವೂ ಅಲ್ಲ. ಒಂದು ತಿಂಗಳು ಕಲೆಯಿಂದ, ಇನ್ನೊಂದು ತಿಂಗಳು ಸ್ರಾವದಿಂದ ಎಣಿಸಿದರೆ ಸಮವಾಗಿರುವ ಚಕ್ರವೂ ಅನಿಯಮಿತವಾಗಿ ಕಾಣುತ್ತದೆ.

ಹಾಗಾದರೆ ಅಂಡಾಣು ಬಿಡುಗಡೆಯಾಗುವ ಮುಂಚೆ ತಿಳಿಯುವುದು ಹೇಗೆ?

ಮುಂಚೆ ಸುಳಿವು ಕೊಡುವುದು ಎರಡು. ಒಂದು ದುಡ್ಡಿಲ್ಲದ್ದು. ಸ್ರಾವ ನಿಂತ ಮೇಲೆ ಕೆಲವು ದಿನ ಒಣಗಿದಂತಿದ್ದು, ಆಮೇಲೆ ಅಂಟಂಟು ಬಿಳಿ ಲೋಳೆ, ಕೊನೆಗೆ ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಜಾರುವ, ಎರಡು ಬೆರಳ ನಡುವೆ ಎಳೆದರೆ ತುಂಡಾಗದ ಲೋಳೆ ಬರುತ್ತದೆ. ಈ ಕೊನೆಯ ಬಗೆ ಕಂಡ ದಿನಗಳೇ ಗರ್ಭ ನಿಲ್ಲಲು ಅನುಕೂಲವಾದವು. ಇದನ್ನು ಬಿಳಿ ಸೆರಗು ಎಂದು ಹೆದರಬೇಕಿಲ್ಲ. ತುರಿಕೆ, ಕೆಟ್ಟ ವಾಸನೆ, ಮೊಸರು ಒಡೆದಂಥ ಸ್ರಾವ ಇದ್ದರೆ ಅದು ಸೋಂಕು, ಆ ತಿಂಗಳು ಲೋಳೆ ನೋಡಿ ಏನನ್ನೂ ಹೇಳಲಾಗದು.

ಎರಡನೆಯದು ಮೆಡಿಕಲ್ ಶಾಪ್‌ನಲ್ಲಿ ಸಿಗುವ ಓವ್ಯುಲೇಷನ್ ಸ್ಟ್ರಿಪ್. ಇದು ಮೂತ್ರದಲ್ಲಿ ಎಲ್‌ಎಚ್ ಎಂಬ ಹಾರ್ಮೋನು ಹಠಾತ್ತನೆ ಏರುವುದನ್ನು ಹಿಡಿಯುತ್ತದೆ. ಏರಿಕೆ ಶುರುವಾದ ಸುಮಾರು 36 ಗಂಟೆಗೆ ಅಂಡಾಣು ಬಿಡುಗಡೆಯಾಗುತ್ತದೆ. ನಿಮ್ಮ ಅತಿ ಚಿಕ್ಕ ಚಕ್ರದಿಂದ 17 ಕಳೆದ ದಿನದಿಂದ ಪರೀಕ್ಷೆ ಶುರು ಮಾಡಿ. ಮೇಲಿನ ಉದಾಹರಣೆಯಲ್ಲಿ 28ರಲ್ಲಿ 17 ಕಳೆದರೆ 11ನೇ ದಿನ. ಸರಾಸರಿಯಿಂದ ಕಳೆದು 17ನೇ ದಿನ ಶುರು ಮಾಡಿದರೆ ಚಿಕ್ಕ ಚಕ್ರಗಳಲ್ಲಿ ಏರಿಕೆ ಆಗಲೇ ದಾಟಿಹೋಗಿರುತ್ತದೆ. ದಿನವೂ ಒಂದೇ ಹೊತ್ತಿಗೆ ಮಾಡಿ, ಅದಕ್ಕೆ ಎರಡು ಗಂಟೆ ಮೊದಲಿನಿಂದ ನೀರು, ಮಜ್ಜಿಗೆ ಹೆಚ್ಚು ಕುಡಿಯಬೇಡಿ. ಮೂತ್ರ ತೆಳುವಾದರೆ ಗೆರೆ ಮಸುಕಾಗುತ್ತದೆ. ಪರೀಕ್ಷಾ ಗೆರೆ ಪಕ್ಕದ ಕಂಟ್ರೋಲ್ ಗೆರೆಯಷ್ಟೇ ಗಾಢ ಅಥವಾ ಅದಕ್ಕಿಂತ ಗಾಢ ಇದ್ದರೆ ಮಾತ್ರ ಪಾಸಿಟಿವ್. ಮಸುಕು ಗೆರೆ ಕಂಡರೆ ಸಾಲದು, ಇದು ಪ್ರೆಗ್ನೆನ್ಸಿ ಕಿಟ್‌ನಂತಲ್ಲ.

ಚಕ್ರ 44 ದಿನಕ್ಕೆ ಹೋದರೆ ಒಂದೇ ತಿಂಗಳಿಗೆ ಇಪ್ಪತ್ತು ಸ್ಟ್ರಿಪ್ ಬೇಕಾಗುತ್ತದೆ. ಲೋಳೆ ತಿಳಿಯಾಗತೊಡಗಿದ ಮೇಲೆ ಸ್ಟ್ರಿಪ್ ಹಿಡಿದರೆ ಖರ್ಚು ಉಳಿಯುತ್ತದೆ.

ಪಿಸಿಓಡಿ ಇರುವವರಿಗೆ ಸ್ಟ್ರಿಪ್ ಕೆಲಸ ಮಾಡುತ್ತದೆಯೇ?

ಎಚ್ಚರ ಬೇಕು. ಕೆಲವರಲ್ಲಿ ಎಲ್‌ಎಚ್ ಮಟ್ಟ ಮೊದಲಿನಿಂದಲೇ ಹೆಚ್ಚಿರುವುದರಿಂದ ದಿನಗಟ್ಟಲೆ ಪಾಸಿಟಿವ್ ತೋರಿಸಬಹುದು. ಇನ್ನು ಕೆಲವರಲ್ಲಿ ಹಾರ್ಮೋನು ಏರಿ, ಅಂಡಾಣು ಬಿಡುಗಡೆಯಾಗದೆ ಇಳಿದು, ವಾರದ ನಂತರ ಮತ್ತೆ ಏರುತ್ತದೆ. ಹಾಗಾಗಿ ಪಾಸಿಟಿವ್ ಬಂದ ಮೇಲೆ ನಿಜಕ್ಕೂ ಬಿಡುಗಡೆಯಾಯಿತೇ ಎಂದು ದೃಢಪಡಿಸಿಕೊಳ್ಳಬೇಕು.

ಅದಕ್ಕೆ ಮನೆಯಲ್ಲಿರುವ ಉಪಾಯ ಬೆಳಗಿನ ತಾಪಮಾನ. ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟೆರಾನ್ ಹಾರ್ಮೋನು ಮೈ ಬಿಸಿಯನ್ನು 0.2ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸುತ್ತದೆ. ಎದ್ದ ಕೂಡಲೇ, ಹಾಸಿಗೆ ಬಿಡುವ ಮೊದಲು, ದಿನವೂ ಒಂದೇ ಹೊತ್ತಿಗೆ ನಾಲಿಗೆ ಕೆಳಗೆ ಥರ್ಮಾಮೀಟರ್ ಇಡಿ. ಎರಡು ದಶಮಾಂಶ ತೋರಿಸುವುದೇ ಬೇಕು; ಜ್ವರ ನೋಡುವ ಮಾಮೂಲಿ ಥರ್ಮಾಮೀಟರ್‌ನ ಒಂದು ದಶಮಾಂಶಕ್ಕೆ ಇಷ್ಟು ಸಣ್ಣ ಏರಿಕೆ ಸರಿಯಾಗಿ ಸಿಗುವುದಿಲ್ಲ. ಸತತ ಮೂರು ದಿನದ ಅಳತೆ ಅದರ ಹಿಂದಿನ ಆರು ದಿನಗಳೆಲ್ಲಕ್ಕಿಂತ ಹೆಚ್ಚಿದ್ದು, ಮೂರನೆಯದು ಆ ಆರರಲ್ಲಿ ಅತಿ ಹೆಚ್ಚಿನದಕ್ಕಿಂತ 0.2 ಡಿಗ್ರಿಯಾದರೂ ಮೇಲಿದ್ದರೆ ಬಿಡುಗಡೆಯಾಗಿದೆ ಎನ್ನಬಹುದು. ರಾತ್ರಿ ಪಾಳಿ, ಜ್ವರ, ಮಗು ಎಬ್ಬಿಸಿ ಅರ್ಧಂಬರ್ಧ ಆದ ನಿದ್ದೆ ಇವೆಲ್ಲ ಅಳತೆ ಕೆಡಿಸುತ್ತವೆ, ಅಂಥ ದಿನಗಳನ್ನು ಗುರುತು ಮಾಡಿ ಬಿಡಿ.

ತಾಪಮಾನ ಹೇಳುವುದು ಆಗಿಹೋದದ್ದನ್ನು. ಉಂಗುರ, ಕೈಪಟ್ಟಿಗಳಲ್ಲಿ ತಾಪಮಾನ ಅಳೆಯುವ ಆ್ಯಪ್‌ಗಳೂ ಈ ಮಿತಿಯನ್ನು ದಾಟಿಲ್ಲ. ಬಿಡುಗಡೆಯಾದ ಮೇಲೆ ಚೆನ್ನಾಗಿ ಗುರುತಿಸುತ್ತವೆ, ಮುಂದಿನ ತಿಂಗಳಿಗೆ ಮತ್ತೆ ಊಹೆಯೇ. ಆದರೆ ಎರಡು ಮೂರು ತಿಂಗಳು ಹೀಗೆ ಅಳೆದರೆ ನಿಮ್ಮ ಎರಡನೇ ಭಾಗ 11 ದಿನವೋ 14 ದಿನವೋ ಎಂಬುದು ಸಿಗುತ್ತದೆ.

ಲ್ಯಾಬ್‌ನಲ್ಲಿ 21ನೇ ದಿನದ ಪ್ರೊಜೆಸ್ಟೆರಾನ್ ಕಡಿಮೆ ಬಂತು. ಅಂಡಾಣು ಬಿಡುಗಡೆಯಾಗಿಲ್ಲವೇ?

ನಿಮ್ಮ ಚಕ್ರ ಎಷ್ಟು ದಿನದ್ದು ಎಂಬುದರ ಮೇಲೆ ಹೋಗುತ್ತದೆ. 21ನೇ ದಿನ ಎಂಬುದು 28 ದಿನದ ಚಕ್ರಕ್ಕೆ ಹೊಲಿದ ಅಂಗಿ. ಬೇಕಾದದ್ದು ಮುಂದಿನ ಮುಟ್ಟಿಗೆ ಏಳು ದಿನ ಮುಂಚಿನ ರಕ್ತ. 38 ದಿನದ ಚಕ್ರದಲ್ಲಿ ಅದು 31ನೇ ದಿನ. 21ಕ್ಕೆ ಕೊಟ್ಟರೆ ಅಂಡಾಣು ಇನ್ನೂ ಬಿಡುಗಡೆಯಾಗಿರುವುದೇ ಇಲ್ಲ, ಫಲಿತಾಂಶ ಕಡಿಮೆ ಬಂದೇ ಬರುತ್ತದೆ. ಸ್ಟ್ರಿಪ್ ಪಾಸಿಟಿವ್ ಬಂದ ದಿನದಿಂದ ಸುಮಾರು ಎಂಟನೇ ದಿನ ರಕ್ತ ಕೊಡುವುದು ಜಾಣತನ, ವೈದ್ಯರಿಗೂ ಆ ದಿನಾಂಕ ತಿಳಿಸಿ. 3 ನ್ಯಾನೊಗ್ರಾಂ ದಾಟಿದ್ದರೆ ಸಾಮಾನ್ಯವಾಗಿ ಬಿಡುಗಡೆಯಾಗಿದೆ ಎಂದರ್ಥ. ವೈದ್ಯರು ಫಾಲಿಕ್ಯುಲರ್ ಸ್ಟಡಿ ಎಂದು ದಿನ ಬಿಟ್ಟು ದಿನ ಸ್ಕ್ಯಾನ್ ಮಾಡಿ ನೋಡುವುದು ಇದೆಲ್ಲಕ್ಕಿಂತ ನೇರವಾದದ್ದು.

ಇಷ್ಟೆಲ್ಲ ಅಳೆಯಲು ಪುರುಸೊತ್ತಿಲ್ಲ. ಮಗು ಬೇಕು, ಏನು ಮಾಡಲಿ?

ಸುಮಾರು 10ನೇ ದಿನದಿಂದ ಮುಂದಿನ ಮುಟ್ಟಿನವರೆಗೆ ಎರಡು ಮೂರು ದಿನಕ್ಕೊಮ್ಮೆ ಸೇರಿ. ವೀರ್ಯಾಣು ಕೆಲವು ದಿನ ಉಳಿಯುವುದರಿಂದ ದಿನ ಹುಡುಕುವ ಕೆಲಸವೇ ಬೇಕಾಗುವುದಿಲ್ಲ. ಆ್ಯಪ್ ಹೇಳಿದ ಆರು ದಿನಕ್ಕೆ ಮಾತ್ರ ಕಾದು ಕೂರುವುದಕ್ಕಿಂತ, ಅನಿಯಮಿತ ಚಕ್ರದವರಿಗೆ ಇದು ಎಷ್ಟೋ ಮೇಲು.

ಮಗು ಬೇಡದವರು ಆ್ಯಪ್‌ನ 'ಸುರಕ್ಷಿತ ದಿನ' ನಂಬಬಹುದೇ?

ಬೇಡ. ಹಳೆಯ ಕ್ಯಾಲೆಂಡರ್ ವಿಧಾನವಾದರೂ ಸರಾಸರಿ ನೋಡುವುದಿಲ್ಲ: ಅತಿ ಚಿಕ್ಕ ಚಕ್ರದಲ್ಲಿ 18, ಅತಿ ಉದ್ದದ್ದರಲ್ಲಿ 11 ಕಳೆಯುತ್ತದೆ. ನಮ್ಮ ಉದಾಹರಣೆಗೆ ಅದು 10ರಿಂದ 33, ಎಂದರೆ 24 ದಿನ ಎಚ್ಚರವಿರಬೇಕು. ಆ್ಯಪ್ ಅಲ್ಲಿ ಆರು ದಿನ ತೋರಿಸುತ್ತಿತ್ತು. 8ರಿಂದ 19ನೇ ದಿನದವರೆಗೆ ದೂರವಿರುವ ಸ್ಟ್ಯಾಂಡರ್ಡ್ ಡೇಸ್ ವಿಧಾನವೂ ಚಕ್ರ 26ರಿಂದ 32 ದಿನದೊಳಗೆ ಇರುವವರಿಗೆ ಮಾತ್ರ. ಅನಿಯಮಿತ ಚಕ್ರದವರು ಕಾಂಡೋಮ್, ಕಾಪರ್-ಟಿ, ಮಾತ್ರೆಯಂಥದ್ದನ್ನು ಆರಿಸಿಕೊಳ್ಳುವುದೇ ಸರಿ.

ಆ್ಯಪ್ 'ಒಂಬತ್ತು ದಿನ ತಡ' ಎನ್ನುತ್ತಿದೆ, ಪ್ರೆಗ್ನೆನ್ಸಿ ಟೆಸ್ಟ್ ನೆಗೆಟಿವ್.

'ತಡ' ಎಂಬುದು ಆ್ಯಪ್‌ನ ಸರಾಸರಿಗೆ ಹೋಲಿಸಿ. ಅಂಡಾಣುವೇ ಒಂಬತ್ತು ದಿನ ತಡವಾಗಿ ಬಿಡುಗಡೆಯಾಗಿದ್ದರೆ ಮುಟ್ಟೂ ಅಷ್ಟೇ ತಡ; ಗರ್ಭ ನಿಂತಿದ್ದರೂ ಟೆಸ್ಟ್‌ನಲ್ಲಿ ಕಾಣಲು ಇನ್ನೂ ಕಾಲ ಬೇಕು. ಕೊನೆಯ ಬಾರಿ ಸೇರಿದ ದಿನದಿಂದ ಮೂರು ವಾರ ಕಳೆದ ಮೇಲೆ ಬೆಳಗಿನ ಮೂತ್ರದಲ್ಲಿ ಮಾಡಿದ ಟೆಸ್ಟ್ ನೆಗೆಟಿವ್ ಬಂದರೆ ಅದನ್ನು ನಂಬಬಹುದು.

ವೈದ್ಯರ ಬಳಿ ಹೋಗಬೇಕಾದದ್ದು ಯಾವಾಗ?

ಚಕ್ರಗಳು ಪದೇ ಪದೇ 21 ದಿನಕ್ಕಿಂತ ಚಿಕ್ಕದು ಅಥವಾ 35ಕ್ಕಿಂತ ಉದ್ದವಾಗಿದ್ದರೆ, ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಸಲ ಮುಟ್ಟಾದರೆ, ಮೂರು ತಿಂಗಳು ಮುಟ್ಟೇ ಆಗದಿದ್ದರೆ ಹೋಗಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್ ರಕ್ತಪರೀಕ್ಷೆ ಮತ್ತು ಸ್ಕ್ಯಾನ್‌ನಿಂದ ಸಾಮಾನ್ಯವಾಗಿ ಶುರುವಾಗುತ್ತದೆ. ಮಗುವಿಗಾಗಿ ಒಂದು ವರ್ಷ ಪ್ರಯತ್ನಿಸಿ ಆಮೇಲೆ ಬನ್ನಿ, 35 ದಾಟಿದ್ದರೆ ಆರು ತಿಂಗಳು ಎಂಬ ಸಲಹೆ ಮುಟ್ಟು ಸಮವಾಗಿ ಆಗುವವರಿಗೆ. ನೀವು ಅಷ್ಟು ಕಾಯಬೇಕಿಲ್ಲ.

ಗರ್ಭ ನಿಂತಿದೆ. ಆ್ಯಪ್ ಕೊಟ್ಟ ಹೆರಿಗೆ ದಿನಾಂಕಕ್ಕೂ ಸ್ಕ್ಯಾನ್‌ನದ್ದಕ್ಕೂ ಹನ್ನೆರಡು ದಿನ ವ್ಯತ್ಯಾಸ ಏಕೆ?

ಮತ್ತೆ ಅದೇ 14. ಕೊನೆಯ ಮುಟ್ಟಿನಿಂದ 280 ದಿನ ಎಣಿಸುವ ಲೆಕ್ಕ ಅಂಡಾಣು 14ನೇ ದಿನ ಬಿಡುಗಡೆಯಾಯಿತು ಎಂದು ಹಿಡಿಯುತ್ತದೆ. ನಿಮ್ಮದು 26ನೇ ದಿನ ಆಗಿದ್ದರೆ ಮಗು ಹನ್ನೆರಡು ದಿನ ಚಿಕ್ಕದು. ಮೊದಲ ಸ್ಕ್ಯಾನ್‌ನಲ್ಲಿ 'ಬೆಳವಣಿಗೆ ಸಾಲದು, ಹೃದಯ ಬಡಿತ ಇನ್ನೂ ಕಾಣುತ್ತಿಲ್ಲ' ಎಂದು ಹೆದರಿಸುವ ಸನ್ನಿವೇಶಕ್ಕೆ ಇದೂ ಒಂದು ಕಾರಣವಾಗಬಹುದು. ಒಂದು ವಾರ, ಹತ್ತು ದಿನ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ನೋಡುತ್ತಾರೆ. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್‌ಗೂ ಮುಟ್ಟಿನ ಲೆಕ್ಕಕ್ಕೂ ಒಂದು ವಾರಕ್ಕಿಂತ ಹೆಚ್ಚು ಅಂತರವಿದ್ದರೆ ಸ್ಕ್ಯಾನ್‌ನ ದಿನಾಂಕವನ್ನೇ ಹಿಡಿಯುತ್ತಾರೆ. ತಾಯಿ ಕಾರ್ಡ್‌ನಲ್ಲೂ ಆ ದಿನಾಂಕವೇ ಬರೆದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಇಲ್ಲದಿದ್ದರೆ ಒಂಬತ್ತನೇ ತಿಂಗಳಲ್ಲಿ, ದಿನ ತುಂಬುವ ಮೊದಲೇ, 'ಡೇಟ್ ಮೀರಿದೆ' ಎಂದು ನೋವು ಬರಿಸುವ ಮಾತು ಬರುತ್ತದೆ.